ಹಾಲಿನ ಆ್ಯಪ್ ಬಿಡುವ ಮುನ್ನ ವ್ಯಾಲೆಟ್ ಖಾಲಿ ಮಾಡುವುದು ಹೇಗೆ?

ಪ್ರಶ್ನೆ: ಸರ್, ನಾವು ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಆ್ಯಪ್‌ನಿಂದ ದಿನಾ ಎರಡು ಅರ್ಧ ಲೀಟರ್ ಹಾಲು ಬರುತ್ತೆ, 54 ರೂಪಾಯಿ. ಮೂರು ದಿನಕ್ಕೊಮ್ಮೆ ಸುಮಾರು 180 ರೂಪಾಯಿ ತರಕಾರಿ. ಬ್ಯಾಲೆನ್ಸ್ 300ಕ್ಕಿಂತ ಕೆಳಗಿಳಿದರೆ ತಾನಾಗಿ 2,000 ತುಂಬಿಕೊಳ್ಳುತ್ತೆ, 100 ಬೋನಸ್ ಸೇರಿಸುತ್ತಾರೆ. ದಸರಾ ರಜೆಗೆ ಊರಿಗೆ ಹೊರಟ ದಿನ ಬೆಳಗ್ಗೆ ಐದಕ್ಕೆ ಹಾಲು ನಿಲ್ಲಿಸಿದೆ. ಆದರೂ ಅವತ್ತೂ ಮಾರನೇ ದಿನವೂ ಹಾಲು ಬಂತು, ಮೂರನೇ ದಿನ ತರಕಾರಿಯೂ ಬಂತು. ವಾಪಸ್ ಬಂದಾಗ ಬಾಗಿಲ ಮುಂದೆ ಉಬ್ಬಿ ಒಡೆದ ಪ್ಯಾಕೆಟ್, ಕೊಳೆತ ಟೊಮೆಟೊ. ಇನ್ನು 22 ದಿನಕ್ಕೆ ಮೈಸೂರಿಗೆ ಮನೆ ಬದಲಾಯಿಸುತ್ತಿದ್ದೇವೆ, ನಾವು ಹೋಗುವ ಕಡೆ ಈ ಆ್ಯಪ್ ಇಲ್ಲ. ವ್ಯಾಲೆಟ್‌ನಲ್ಲಿ 1,640 ರೂಪಾಯಿ ಇದೆ. ಕೇಳಿದರೆ ‘ವ್ಯಾಲೆಟ್ ಹಣ ವಾಪಸ್ ಇಲ್ಲ’ ಅನ್ನುತ್ತಾರೆ. ಆ್ಯಪ್ ಡಿಲೀಟ್ ಮಾಡಿದರೆ ಎಲ್ಲ ನಿಲ್ಲುತ್ತಾ? ನನ್ನ ಹಣ ಹೋದಂಗೇನಾ?

ಉತ್ತರ: ಹಣ ಹೋಗಿಲ್ಲ. ಆದರೆ ಆ್ಯಪ್ ಡಿಲೀಟ್ ಮಾಡಿದರೆ ಹೋಗುವ ಸಾಧ್ಯತೆ ಜಾಸ್ತಿ. ದಯವಿಟ್ಟು ಅದೊಂದನ್ನು ಮಾತ್ರ ಈಗ ಮಾಡಬೇಡಿ. ಫೋನಿನಿಂದ ಆ್ಯಪ್ ತೆಗೆದರೆ ನಿಮ್ಮ ಪರದೆಯಿಂದ ಮಾತ್ರ ಅದು ಮರೆಯಾಗುತ್ತೆ. ಅವರ ಕಡೆ ನಿಮ್ಮ ಹೆಸರಿನ ಖಾತೆ ಹಾಗೇ ಇರುತ್ತೆ, ಹಾಲು ಬರುತ್ತಲೇ ಇರುತ್ತೆ, ಬ್ಯಾಂಕಿನಿಂದ 2,000 ರೂಪಾಯಿ ಹೋಗುವುದೂ ನಿಲ್ಲುವುದಿಲ್ಲ. ನಿಮಗೆ ಕಾಣುತ್ತಿದ್ದ ಲೆಕ್ಕ ಮಾತ್ರ ಕಾಣದಂತಾಗುತ್ತೆ.

ನಾನು ಹನ್ನೆರಡು ವರ್ಷ ಹಾಲಿನ ಏಜೆನ್ಸಿ ನಡೆಸಿದವನು. ಈಗ ಗ್ರಾಹಕರ ದೂರುಗಳಿಗೆ ದಾರಿ ತೋರಿಸುವ ಕೆಲಸ ಮಾಡುತ್ತೇನೆ. ಇಂಥ ಜಗಳವನ್ನು ಎರಡೂ ಕಡೆಯಿಂದ ನೋಡಿದ್ದೇನೆ. ಮೊದಲು ದಸರಾ ರಜೆಯಲ್ಲಿ ಏನಾಯಿತು ಅನ್ನುವುದನ್ನು ನೋಡೋಣ. ಅದು ಗೊತ್ತಾದರೆ ಯಾವ ಹಣ ಕೇಳಬಹುದು, ಯಾವುದನ್ನು ಬಿಡಬೇಕು ಅನ್ನುವುದು ತಾನಾಗಿ ತಿಳಿಯುತ್ತೆ.

ನಾಳೆ ಬೆಳಗಿನ ಹಾಲು ಇವತ್ತೇ ತೀರ್ಮಾನವಾಗಿರುತ್ತೆ. ನಾಳೆಗೆ ಎಷ್ಟು ಪ್ಯಾಕೆಟ್ ಬೇಕು ಎಂದು ಏಜೆಂಟ್ ಹಿಂದಿನ ದಿನವೇ ಡೈರಿಗೆ ಇಂಡೆಂಟ್ ಕೊಡುತ್ತಾನೆ. ರಾತ್ರಿ ಲಾರಿ ತುಂಬುತ್ತೆ. ನಮ್ಮ ಅಂಗಡಿಗೆ ಮೂರೂವರೆ, ನಾಲ್ಕು ಗಂಟೆಗೆಲ್ಲ ಲಾರಿ ಬರುತ್ತಿತ್ತು. ಶಟರ್ ಅರ್ಧ ಎತ್ತಿ, ಟ್ಯೂಬ್‌ಲೈಟ್ ಕೆಳಗೆ ಕ್ರೇಟು ಇಳಿಸಿಕೊಂಡು, ಹುಡುಗರು ತಂತಮ್ಮ ಲೈನಿನ ಪಟ್ಟಿ ನೋಡಿ ಚೀಲ ತುಂಬುತ್ತಿದ್ದರು. ನಾಲ್ಕೂವರೆಗೆ ಗಾಡಿ ಹೊರಟೇ ಬಿಡುತ್ತಿತ್ತು. ಒಮ್ಮೆ ಇಳಿಸಿಕೊಂಡ ಹಾಲನ್ನು ‘ಮಿಕ್ಕಿತು’ ಎಂದು ಡೈರಿ ವಾಪಸ್ ತೆಗೆದುಕೊಳ್ಳುತ್ತಿರಲಿಲ್ಲ. ಲೀಕ್ ಆದ ಪ್ಯಾಕೆಟ್ಟಿಗೆ ಮಾತ್ರ ಲೆಕ್ಕ ಸಿಗುತ್ತಿತ್ತು. ಆ್ಯಪ್ ಬಂದ ಮೇಲೆ ಕಾಗದದ ಪಟ್ಟಿ ಫೋನಿಗೆ ಬಂತು, ಉಳಿದದ್ದು ಹೆಚ್ಚೇನೂ ಬದಲಾಗಿಲ್ಲ.

ಅದಕ್ಕೇ ಪ್ರತಿ ಆ್ಯಪ್‌ನಲ್ಲೂ ಒಂದು ಕಟ್‌ಆಫ್ ಸಮಯ ಇರುತ್ತೆ. ಹೆಚ್ಚಿನವರಲ್ಲಿ ಅದು ಹಿಂದಿನ ರಾತ್ರಿ. ನಿಮ್ಮ ಆ್ಯಪ್‌ನಲ್ಲಿ ಎಷ್ಟು ಗಂಟೆ ಎನ್ನುವುದು ಸಹಾಯದ ಪುಟದಲ್ಲಿ ಅಥವಾ ಆರ್ಡರ್ ಬದಲಾಯಿಸುವ ಜಾಗದಲ್ಲಿ ಬರೆದಿರುತ್ತೆ. ನೀವು ಬೆಳಗ್ಗೆ ಐದಕ್ಕೆ ಒತ್ತುವ ಹೊತ್ತಿಗೆ ನಿಮ್ಮ ಎರಡು ಪ್ಯಾಕೆಟ್ ಹುಡುಗನ ಚೀಲದಲ್ಲಿತ್ತು. ಹಾಗಾಗಿ ಮೊದಲ ದಿನದ 54 ರೂಪಾಯಿ ನಿಮ್ಮ ಖರ್ಚು. ಅದನ್ನು ಕೇಳಬೇಡಿ. ಕೇಳಿದರೆ ನ್ಯಾಯವಾಗಿ ಬರಬೇಕಾದ ಹಣದ ಮಾತೂ ಸಡಿಲವಾಗುತ್ತೆ.

ಎರಡನೇ ದಿನದ್ದು ಬೇರೆ ಮಾತು. ಆ್ಯಪ್‌ನಲ್ಲಿ ರಜೆಯ ವಿವರ ತೆರೆದು ‘ಯಾವ ದಿನದಿಂದ’ ಎಂದು ಏನಿದೆ ನೋಡಿ. ಎರಡನೇ ದಿನದ ತಾರೀಕು ರಜೆಯೊಳಗೆ ಇದ್ದರೆ ತಪ್ಪು ಅವರದು. ಇದು ಹೇಗೆ ಆಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ಹಳೇ ಹುಡುಗರು ಪಟ್ಟಿ ನೋಡುವುದೇ ಇಲ್ಲ. ಮೂರನೇ ಮಹಡಿ ಎಡಗಡೆ ಎರಡು ಪ್ಯಾಕೆಟ್, ಅದರ ಎದುರು ಒಂದು ಅಂತ ಕೈಗೇ ಪಾಠವಾಗಿರುತ್ತೆ. ರಜೆ ಹಾಕಿದ ಮನೆಗೂ ಹಾಕಿ ಹೋಗುತ್ತಾರೆ, ‘ಡೆಲಿವರ್ಡ್’ ಎಂದು ಒತ್ತುತ್ತಾರೆ, ಹಣ ಕಡಿತವಾಗುತ್ತೆ. ಆ 54 ರೂಪಾಯಿ ಕೇಳಿ ಪಡೆಯಬಹುದು. ರಜೆಯ ಪುಟದ ಒಂದು ಚಿತ್ರ, ಆ ದಿನದ ಕಡಿತದ ಒಂದು ಚಿತ್ರ, ಇವೆರಡನ್ನೂ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ತಾರೀಕು ತಪ್ಪಾಗಿ ಮೂರನೇ ದಿನದಿಂದ ಬಿದ್ದಿದ್ದರೆ ಮಾತ್ರ ಅದೂ ನಿಮ್ಮದೇ. ದಿನ ಆರಿಸುವ ಜಾಗದಲ್ಲಿ ಆ್ಯಪ್ ತಾನೇ ಒಂದು ತಾರೀಕು ತುಂಬಿರುತ್ತೆ. ನಾವು ನೋಡದೆ ಸರಿ ಅಂದುಬಿಡುತ್ತೇವೆ.

ತರಕಾರಿ ಬಂದದ್ದಕ್ಕೆ ಕಾರಣ ಇನ್ನೊಂದು. ಹಾಲಿನ ಸಾಲಿನಲ್ಲಿ ‘ಪಾಜ್’ ಒತ್ತಿದರೆ ಹಾಲು ಮಾತ್ರ ನಿಲ್ಲುತ್ತೆ. ತರಕಾರಿ ಬೇರೆಯೇ ಚಂದಾ. ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುವ ‘ವೆಕೇಷನ್’ ಆಯ್ಕೆ ಸಾಮಾನ್ಯವಾಗಿ ಪ್ರೊಫೈಲ್ ಅಥವಾ ಸೆಟ್ಟಿಂಗ್ಸ್‌ನೊಳಗೆ ಇರುತ್ತೆ. ನೀವು ಒತ್ತಿದ್ದು ಯಾವುದು ಅಂತ ನೋಡಿಕೊಳ್ಳಿ. ಹಾಲಿನದ್ದಷ್ಟೇ ಆಗಿದ್ದರೆ ಆ 180 ರೂಪಾಯಿಗೆ ಒಮ್ಮೆ ಕೇಳಿ ನೋಡಬಹುದು, ಹಕ್ಕು ಅಂತ ಹಟ ಹಿಡಿಯುವುದು ಕಷ್ಟ. ತರಕಾರಿಗೆ ಕಟ್‌ಆಫ್ ಹಾಲಿಗಿಂತ ಮುಂಚೆಯೇ ಇರಬಹುದು ಅನ್ನುವುದೂ ನೆನಪಿರಲಿ. ಸೊಪ್ಪು, ಬೀನ್ಸ್ ಹಿಂದಿನ ದಿನವೇ ಮಂಡಿಯಿಂದ ತಂದು, ಆಯ್ದು, ತೂಕ ಮಾಡಿ ಕಟ್ಟಿಡುತ್ತಾರೆ.

ಈಗ ಮೈಸೂರಿಗೆ ಹೋಗುವ ವಿಷಯ. ನಿಮ್ಮ ಪತ್ರ ಓದಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು 1,640 ಅಲ್ಲ, ‘300ಕ್ಕಿಂತ ಕೆಳಗಿಳಿದರೆ ತಾನಾಗಿ 2,000’ ಅನ್ನುವ ಸಾಲು. ನಿಮ್ಮ ಲೆಕ್ಕವನ್ನೇ ಮಾಡಿ ನೋಡಿದೆ. ಇವತ್ತು ಮೊದಲ ದಿನ ಅಂತಿಟ್ಟುಕೊಳ್ಳಿ. ಹಾಲು ದಿನಾ, ತರಕಾರಿ ಒಂದು, ನಾಲ್ಕು, ಏಳು, ಹತ್ತನೇ ದಿನ. ಹನ್ನೆರಡು ದಿನಕ್ಕೆ ಹಾಲು 648, ತರಕಾರಿ 720, ಒಟ್ಟು 1,368 ಆಗುತ್ತೆ. ಉಳಿಯುವುದು 272. ಅಂದರೆ ಹನ್ನೆರಡನೇ ದಿನ ಬ್ಯಾಲೆನ್ಸ್ 300ಕ್ಕಿಂತ ಕೆಳಗಿಳಿಯುತ್ತೆ, ಬ್ಯಾಂಕಿನಿಂದ ಇನ್ನೊಂದು 2,000 ಬಂದು ಕೂರುತ್ತೆ. ಉಳಿದ ಹತ್ತು ದಿನದಲ್ಲಿ ನೀವು ಬಳಸುವುದು 1,260 ಮಾತ್ರ. ಲಾರಿಗೆ ಸಾಮಾನು ಹೇರುವ ದಿನ ವ್ಯಾಲೆಟ್‌ನಲ್ಲಿ ಮತ್ತೆ ಸಾವಿರಕ್ಕೂ ಮೇಲೆ ಹಣ ಸಿಕ್ಕಿಕೊಂಡಿರುತ್ತೆ.

ಅದೇ ಇವತ್ತು ಆಟೋಪೇ ನಿಲ್ಲಿಸಿದರೆ? ಹದಿಮೂರನೇ ದಿನದ ಹಾಲು, ತರಕಾರಿ ಸೇರಿ 234 ಹೋಗಿ 38 ಉಳಿಯುತ್ತೆ. ಹದಿನಾಲ್ಕನೇ ದಿನ ಅರ್ಧ ಲೀಟರ್ ಒಂದೇ ಪ್ಯಾಕೆಟ್ ತರಿಸಿದರೆ 11 ರೂಪಾಯಿ. ಅಲ್ಲಿಗೆ ಮುಗಿಯಿತು. ಕೊನೆಯ ಎಂಟು ದಿನ ಹತ್ತಿರದ ಬೂತಿಗೆ ಹೋಗಿ ಹಾಲು ತನ್ನಿ. ಯಾರನ್ನೂ ಕೇಳಬೇಕಾಗಿಲ್ಲ, ಯಾರ ಜೊತೆಗೂ ಜಗಳ ಬೇಡ. ತರಕಾರಿಯ ಬೆಲೆ ದಿನಾ ಏರಿಳಿಯುವುದರಿಂದ ಒಂದೆರಡು ದಿನ ಆಚೀಚೆ ಆಗಬಹುದು, ಅಷ್ಟೆ.

ಆಟೋಪೇ ನಿಲ್ಲಿಸುವುದು ಎರಡು ಕಡೆ. ಮೊದಲು ಹಾಲಿನ ಆ್ಯಪ್‌ನಲ್ಲಿ ಆಟೋ ರೀಚಾರ್ಜ್ ತೆಗೆಯಿರಿ. ಆಮೇಲೆ ನೀವು ಹಣ ಕಟ್ಟುವ ಯುಪಿಐ ಆ್ಯಪ್ ತೆರೆದು ‘ಆಟೋಪೇ’ ಅಥವಾ ‘ಮ್ಯಾಂಡೇಟ್’ ಎಂಬ ಜಾಗದಲ್ಲಿ ಆ ಕಂಪನಿಯ ಹೆಸರು ಹುಡುಕಿ, ಅಲ್ಲೂ ರದ್ದು ಮಾಡಿ. ಇದಕ್ಕೆ ಕಂಪನಿಯ ಒಪ್ಪಿಗೆ ಬೇಕಿಲ್ಲ, ನಿಮ್ಮ ಯುಪಿಐ ಪಿನ್ ಸಾಕು. ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿನ ಆ್ಯಪ್ ಅಥವಾ ವೆಬ್‌ಸೈಟಿನಲ್ಲಿ ರದ್ದು ಮಾಡಬೇಕು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಹೀಗೆ ತಾನಾಗಿ ಹಣ ಹೋಗುವುದಕ್ಕೆ ಕನಿಷ್ಠ 24 ಗಂಟೆ ಮುಂಚೆ ನಿಮಗೆ ಸಂದೇಶ ಬರಬೇಕು. ಅಂಥ ಸಂದೇಶ ಮತ್ತೆ ಬಂದರೆ ಎಲ್ಲೋ ಒಂದು ಮ್ಯಾಂಡೇಟ್ ಉಳಿದಿದೆ ಎಂದರ್ಥ.

ಒಂದು ಎಚ್ಚರಿಕೆ. ಆಟೋಪೇ ರದ್ದಾದರೆ ಹಣ ಬರುವುದು ನಿಲ್ಲುತ್ತೆ, ಹಾಲು ಬರುವುದು ನಿಲ್ಲುವುದಿಲ್ಲ. ಕೆಲವು ಆ್ಯಪ್‌ಗಳು ಬ್ಯಾಲೆನ್ಸ್ ಮುಗಿದ ಮೇಲೂ ಒಂದೆರಡು ದಿನ ಹಾಲು ಹಾಕಿ ಮೈನಸ್ ತೋರಿಸುತ್ತವೆ. ಅದಕ್ಕೇ ಹನ್ನೆರಡನೇ ದಿನ ರಾತ್ರಿ, ಕಟ್‌ಆಫ್‌ಗೆ ಮುಂಚೆ, ಹದಿನಾಲ್ಕನೇ ದಿನಕ್ಕೆ ಒಂದೇ ಪ್ಯಾಕೆಟ್ ಎಂದು ಬದಲಾಯಿಸಿ, ಹಾಲಿನ ಚಂದಾಕ್ಕೆ ಆ ದಿನವೇ ಕೊನೆ ಎಂದು ಹಾಕಿ. ತರಕಾರಿಯ ಚಂದಾಕ್ಕೂ ಬೇರೆಯಾಗಿ ಹದಿಮೂರನೇ ದಿನವೇ ಕೊನೆ ಎಂದು ಹಾಕಿ.

ಎಲ್ಲರಿಗೂ ನಿಮ್ಮಂತೆ 22 ದಿನ ಇರುವುದಿಲ್ಲ. ನಾಳೆಯೇ ಹೊರಡುವವರು ಏನು ಮಾಡಬೇಕು ಅಂತಲೂ ಹೇಳುತ್ತೇನೆ, ನಿಮ್ಮ ಲೆಕ್ಕ ತಪ್ಪಿದರೆ ನಿಮಗೂ ಬೇಕಾಗಬಹುದು. ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ನೆರೆಮನೆಯದು. ಅದೇ ಕಟ್ಟಡದಲ್ಲಿ ಹಾಲು ತರಿಸುವ ಪರಿಚಯದವರ ಫ್ಲಾಟ್ ನಂಬರನ್ನು ನಿಮ್ಮ ವಿಳಾಸಕ್ಕೆ ಹಾಕಿ. ಅವರು ಹಾಲು ಕುಡಿಯಲಿ, ಹಣ ನಿಮಗೆ ಕೊಡಲಿ. ಕಟ್ಟಡ ಅದೇ ಆದ್ದರಿಂದ ಹುಡುಗನಿಗೂ ತೊಂದರೆ ಇಲ್ಲ. ಬೇರೆ ಬಡಾವಣೆಯ ವಿಳಾಸ ಹಾಕಬೇಡಿ, ಲೈನ್ ಬದಲಾದರೆ ಡೆಲಿವರಿಯೇ ನಿಂತುಹೋಗಬಹುದು. ಇನ್ನೊಂದು ದಾರಿ ತುಪ್ಪ, ಅಕ್ಕಿ, ಬೇಳೆಯಂಥ ಕೆಡದ ಸಾಮಾನು ತೆಗೆದುಕೊಳ್ಳುವುದು. ಆದರೆ ಅಂಗಡಿಯ ಬೆಲೆ ನೋಡಿಕೊಂಡು ತೆಗೆದುಕೊಳ್ಳಿ. ಬ್ಯಾಲೆನ್ಸ್ ಮುಗಿಸುವ ಅವಸರದಲ್ಲಿ ಬೇಡದ್ದನ್ನೆಲ್ಲ ತರಿಸಿ, ಕೊನೆಗೆ ಇನ್ನೂರು ರೂಪಾಯಿ ಕೈಯಿಂದ ಹಾಕಿದವರನ್ನೂ ನೋಡಿದ್ದೇನೆ.

ಇದ್ಯಾವುದೂ ಆಗದಿದ್ದಾಗ ಹಣವನ್ನೇ ವಾಪಸ್ ಕೇಳಬೇಕು. ಇಲ್ಲಿ ಎರಡು ತಪ್ಪು ತಿಳಿವಳಿಕೆ ಇವೆ. ವ್ಯಾಲೆಟ್ ಅಂದರೆ ಬ್ಯಾಂಕಿನಂತೆ, ರಿಸರ್ವ್ ಬ್ಯಾಂಕಿಗೆ ದೂರು ಕೊಟ್ಟರೆ ಬರುತ್ತೆ ಅನ್ನುವುದು ಒಂದು. ಹಾಗಿಲ್ಲ. ಒಂದೇ ಕಂಪನಿಯಲ್ಲಿ ಮಾತ್ರ ಬಳಸಬಹುದಾದ ಇಂಥ ಮುಂಗಡವನ್ನು ‘ಕ್ಲೋಸ್ಡ್’ ವ್ಯಾಲೆಟ್ ಅನ್ನುತ್ತಾರೆ. ಅದನ್ನು ನಡೆಸಲು ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿಲ್ಲ, ಅದರಿಂದ ನಗದು ತೆಗೆಯುವ ಸೌಕರ್ಯವೂ ಇರುವುದಿಲ್ಲ. ನಿಯಮದಲ್ಲಿ ‘ವಾಪಸ್ ಇಲ್ಲ’ ಎಂದು ಬರೆದಿದ್ದಾರೆ, ಇನ್ನೇನೂ ಮಾಡೋಕಾಗಲ್ಲ ಅನ್ನುವುದು ಇನ್ನೊಂದು. ಅದೂ ಪೂರ್ತಿ ನಿಜವಲ್ಲ. ಬರೆದದ್ದೆಲ್ಲ ಕಾನೂನಾಗುವುದಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಇದಕ್ಕೂ ಅನ್ವಯಿಸುತ್ತೆ. ಗ್ರಾಹಕನಿಗೆ ವಿಪರೀತ ನಷ್ಟ ಮಾಡುವ ಏಕಪಕ್ಷೀಯ ಷರತ್ತನ್ನು ಅದು ಒಪ್ಪುವುದಿಲ್ಲ. ಚಂದಾದಿಂದ ಹೊರಬರುವುದನ್ನು ಬೇಕಂತಲೇ ಕಷ್ಟ ಮಾಡುವುದನ್ನು ಕೇಂದ್ರ ಸರ್ಕಾರ 2023ರ ನವೆಂಬರಿನ ಮಾರ್ಗಸೂಚಿಯಲ್ಲಿ ‘ಡಾರ್ಕ್ ಪ್ಯಾಟರ್ನ್’ಗಳ, ಅಂದರೆ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳ ಪಟ್ಟಿಗೆ ಸೇರಿಸಿದೆ. ಹಾಗಂತ ‘ಹಾಲಿನ ವ್ಯಾಲೆಟ್ ಹಣವನ್ನು ನಗದಾಗಿ ಕೊಡಲೇಬೇಕು’ ಎಂದು ನೇರವಾಗಿ ಹೇಳುವ ಒಂದು ಸಾಲು ತೋರಿಸಿ ಗೆಲ್ಲಬಹುದು ಅಂದುಕೊಳ್ಳಬೇಡಿ. ವಾದ ಮಾಡಿಯೇ ಪಡೆಯಬೇಕು. ನನ್ನ ಅನುಭವದಲ್ಲಿ, ಲಿಖಿತವಾಗಿ, ಲೆಕ್ಕದ ಸಮೇತ ಕೇಳಿದವರಿಗೆ ಬರುವುದೇ ಹೆಚ್ಚು. ‘ಊರು ಬಿಡುತ್ತಿದ್ದೇವೆ, ಅಲ್ಲಿ ನಿಮ್ಮ ಸೇವೆ ಇಲ್ಲ’ ಎನ್ನುವುದು ಬಲವಾದ ಕಾರಣ. ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ಎಷ್ಟು ಕೇಳಬೇಕು? ಪರದೆ ಮೇಲೆ ಕಾಣುವ ಮೊತ್ತದಲ್ಲಿ ನೀವು ಹಾಕಿದ ಹಣವೂ ಇರುತ್ತೆ, ಅವರು ಕೊಟ್ಟ ಬೋನಸ್ಸೂ ಇರುತ್ತೆ. ಬೋನಸ್ ಅವರು ಖುಷಿಯಿಂದ ಕೊಟ್ಟದ್ದು, ಅದು ವಾಪಸ್ ಬರುವುದಿಲ್ಲ. ನಿಮ್ಮ 1,640ರಲ್ಲಿ 100 ಬೋನಸ್ ಇನ್ನೂ ಹಾಗೇ ಇದ್ದರೆ ನಿಮ್ಮದು 1,540. ಅದಕ್ಕೆ ರಜೆಯ ಎರಡನೇ ದಿನದ 54 ಸೇರಿಸಿದರೆ 1,594. ಇವತ್ತೇ ನಿಲ್ಲಿಸುವುದಾದರೆ ಕೇಳಬೇಕಾದ ಮೊತ್ತ ಅದು. ಸಂದೇಶ ಹೀಗಿರಲಿ:

“ನನ್ನ ನೋಂದಾಯಿತ ಮೊಬೈಲ್ ನಂಬರ್ ಇದು. ನಾವು ಬೇರೆ ಊರಿಗೆ ಹೋಗುತ್ತಿದ್ದೇವೆ, ಅಲ್ಲಿ ನಿಮ್ಮ ಸೇವೆ ಇಲ್ಲ. ಇಂಥ ತಾರೀಕಿನಿಂದ ಹಾಲು, ತರಕಾರಿ ಎರಡನ್ನೂ ನಿಲ್ಲಿಸಿದ್ದೇನೆ. ಬೋನಸ್ ಬಿಟ್ಟು ನಾನು ಕಟ್ಟಿದ ಹಣದಲ್ಲಿ ಉಳಿದಿರುವುದು 1,540. ರಜೆ ಹಾಕಿದ ದಿನ ತಪ್ಪಾಗಿ ಕಡಿತವಾದದ್ದು 54. ಒಟ್ಟು 1,594 ರೂಪಾಯಿಯನ್ನು ನಾನು ಹಣ ಕಟ್ಟಿದ ಖಾತೆಗೇ ವಾಪಸ್ ಹಾಕಿ. ದೂರಿನ ಸಂಖ್ಯೆ ತಿಳಿಸಿ.”

ಇದನ್ನು ಚಾಟ್‌ನಲ್ಲಿ ಮಾತ್ರ ಹಾಕಿ ಸುಮ್ಮನಾಗಬೇಡಿ. ಆ್ಯಪ್‌ನಲ್ಲಿ ದೂರು ನೋಡಿಕೊಳ್ಳುವ ಗ್ರೀವೆನ್ಸ್ ಆಫೀಸರ್ ಎಂದು ಒಬ್ಬರ ಇಮೇಲ್ ಇರುತ್ತೆ. ಅಂಥವರನ್ನು ನೇಮಿಸುವುದು 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಕಡ್ಡಾಯ. ದೂರು ಬಂತು ಎಂದು ಅವರು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಮೇಲ್ ಕಳಿಸುವ ಮೊದಲು ವ್ಯಾಲೆಟ್‌ನ ಪೂರ್ತಿ ಲೆಕ್ಕವನ್ನು ಇಳಿಸಿಕೊಳ್ಳಿ, ಇಲ್ಲವೇ ಒಂದೊಂದೇ ಪುಟದ ಚಿತ್ರ ತೆಗೆಯಿರಿ. ಖಾತೆ ಮುಚ್ಚಿದ ಮೇಲೆ ಅದು ನಿಮ್ಮ ಕೈಗೆ ಸಿಗುವುದಿಲ್ಲ.

ತಿಂಗಳು ಕಳೆದರೂ ಉತ್ತರವಿಲ್ಲದಿದ್ದರೆ 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಇಂಥ ಸಣ್ಣ ಮೊತ್ತದ ಹೆಚ್ಚಿನ ದೂರುಗಳು ನಾನು ಕಂಡಂತೆ ಅಲ್ಲೇ ಮುಗಿಯುತ್ತವೆ. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದವರೆಗಿನ ವಿಷಯಕ್ಕೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ಕಂಪನಿ ಬೆಂಗಳೂರಿನದಾದರೂ ನೀವು ವಾಸವಿರುವ ಮೈಸೂರಿನಲ್ಲೇ ದೂರು ಕೊಡಬಹುದು. ಸಾವಿರದೈನೂರಕ್ಕೆ ಅಷ್ಟು ಓಡಾಟ ಬೇಕಾ ಅನ್ನುವುದು ನಿಮಗೆ ಬಿಟ್ಟದ್ದು. ನಾನಾದರೆ 1915ರವರೆಗೆ ಖಂಡಿತ ಹೋಗುತ್ತೇನೆ.

ಈ ಹಂತದಲ್ಲಿ ಒಂದು ಅಪಾಯ ಇದೆ, ಅದು ಹಾಲಿನ ಕಂಪನಿಯಿಂದ ಬರುವುದಲ್ಲ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಕರೆ ಮಾಡಬೇಡಿ. ಮೋಸಗಾರರು ಅಲ್ಲಿ ತಮ್ಮ ನಂಬರ್ ಹಾಕಿಟ್ಟಿರುತ್ತಾರೆ. ‘ರೀಫಂಡ್ ಹಾಕುತ್ತೇವೆ, ಈ ಲಿಂಕ್ ಒತ್ತಿ, ಪಿನ್ ಹಾಕಿ’ ಅನ್ನುತ್ತಾರೆ. ಹಣ ಪಡೆಯುವುದಕ್ಕೆ ಪಿನ್ ಎಂದೂ ಬೇಕಿಲ್ಲ. ಕಳೆದ ವರ್ಷ ನಮ್ಮಲ್ಲಿಗೆ ಬಂದ ಒಬ್ಬ ಅಜ್ಜಿ 600 ರೂಪಾಯಿ ಹಾಲಿನ ಹಣ ಕೇಳಲು ಹೋಗಿ ಪಿಂಚಣಿಯ ಹಣ ಕಳೆದುಕೊಂಡಿದ್ದರು. ಎರಡು ದಿನ ಯಾರಿಗೂ ಹೇಳಿರಲಿಲ್ಲ. ಹಾಗೇನಾದರೂ ಆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಆ್ಯಪ್ ಇಲ್ಲದೆ ಏಜೆಂಟ್ ಹತ್ತಿರವೇ ತಿಂಗಳ ಹಣ ಮುಂಗಡ ಕೊಟ್ಟವರಿಗೂ ಒಂದು ಮಾತು. ಅಲ್ಲಿ ಕ್ಯಾಲೆಂಡರೇ ದಾಖಲೆ. ಹಾಲು ಬಾರದ ದಿನಕ್ಕೆ ಅಡ್ಡಗೀಟು ಹಾಕಿ, ವಾರಕ್ಕೊಮ್ಮೆ ಅವರಿಗೂ ತೋರಿಸಿ. ಬಿಡುವ ವಿಷಯವನ್ನು ಎರಡು ದಿನ ಮುಂಚೆ ವಾಟ್ಸ್ಆ್ಯಪ್‌ನಲ್ಲಿ ಏಜೆಂಟರಿಗೇ ಹೇಳಿ. ಹುಡುಗನಿಗೆ ಹೇಳಿದ್ದು ಅಂಗಡಿಗೆ ತಲುಪುವುದೇ ಇಲ್ಲ. ನಾನೇ ಎಷ್ಟೋ ಸಲ ಇದಕ್ಕೆ ಬೈಸಿಕೊಂಡಿದ್ದೇನೆ, ತಪ್ಪು ನಮ್ಮದೇ ಇರುತ್ತಿತ್ತು. ಹಣ ವಾಪಸ್ ಕೊಡಲು ಏಜೆಂಟ್ ಹಿಂದೆಮುಂದೆ ನೋಡಿದರೆ ‘ಅಷ್ಟು ದಿನದ ಹಾಲು ಹಾಕಿಬಿಡಿ’ ಅನ್ನಿ. ಅವರ ಕೈಯಲ್ಲಿ ನಗದು ಇರದಿರಬಹುದು, ಹಾಲಂತೂ ಇರುತ್ತೆ.

ಮುಂದೆ ಮೈಸೂರಿನಲ್ಲಿ ಬೇರೆ ಆ್ಯಪ್ ಹಿಡಿದರೆ ಬೋನಸ್ ಆಸೆಗೆ 2,000 ಹಾಕಬೇಡಿ. ಬೆಂಗಳೂರಿನ ದೂಧ್‌ವಾಲಾ ಎಂಬ ಹಾಲಿನ ಆ್ಯಪ್ 2019ರಲ್ಲಿ ಮುಚ್ಚಿತು. ಕಂಪನಿಯೇ ಮುಚ್ಚಿ ಕೊಡುವವರೇ ಇಲ್ಲದಾಗ, ಮುಂಗಡ ಕೊಟ್ಟವರು ಬಾಕಿ ಬರಬೇಕಾದವರ ಸಾಲಿನಲ್ಲಿ ಕೊನೆಯಲ್ಲಿ ನಿಂತಂತೆಯೇ. ಒಂದು ವಾರದ ಹಾಲಿಗೆ ಆಗುವಷ್ಟು, ನಿಮ್ಮ ಲೆಕ್ಕದಲ್ಲಿ 400 ರೂಪಾಯಿ, ಅಷ್ಟೇ ಇರಲಿ.

ಎಲ್ಲ ಮುಗಿದು ಬ್ಯಾಲೆನ್ಸ್ 11ಕ್ಕೆ ಬಂದ ಮೇಲೆ ಎರಡು ದಿನ ಕಾಯಿರಿ. ತಡವಾಗಿ ಬೀಳುವ ಕಡಿತ ಏನಾದರೂ ಇದ್ದರೆ ಅಷ್ಟರಲ್ಲಿ ಕಾಣುತ್ತೆ. ಆಮೇಲೆ ಆ್ಯಪ್‌ನೊಳಗಿನ ‘ಡಿಲೀಟ್ ಅಕೌಂಟ್’ ಒತ್ತಿ, ಅದಾದ ಮೇಲೆ ಫೋನಿನಿಂದ ಆ್ಯಪ್ ತೆಗೆಯಿರಿ. ಬಾಗಿಲಿಗೆ ನೇತುಹಾಕಿದ ಹಾಲಿನ ಚೀಲವನ್ನೂ ಅದೇ ದಿನ ಒಳಗೆ ತೆಗೆದಿಡಿ. ಚೀಲ ನೇತಾಡುತ್ತಿದ್ದರೆ ಹಳೇ ಹುಡುಗನ ಕೈ ತಾನಾಗಿ ಅಲ್ಲಿಗೆ ಹೋಗುತ್ತೆ.